ಒಂದೇ ಶೀರ್ಷಿಕೆಯಲ್ಲಿ ಅಂಗಡಿಯ ಹೆಸರು ಎರಡು ಸಲ: ಮೂರು ತರದ ಅಡ್ಡಗೆರೆಗಳ ಮೂಲ ಹುಡುಕಿದ ಬಗೆ

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಮಾರುವ ಒಂದು ಅಂಗಡಿಯಿದೆ. ರಬ್ಬರ್ ರೋಲ್, ಎಲಿವೇಟರ್ ಬಕೆಟ್, ಜರಡಿ, ಬೇರಿಂಗ್, ವಿ-ಬೆಲ್ಟ್ ಎಲ್ಲವೂ ಅಲ್ಲಿ ಸಿಗುತ್ತವೆ. ಅವರ ಜಾಲತಾಣ ವರ್ಡ್‌ಪ್ರೆಸ್‌ನಲ್ಲಿದೆ, ಬ್ರೌಸರಿನ ಟ್ಯಾಬಿನಲ್ಲೂ ಹುಡುಕಾಟದ ಫಲಿತಾಂಶದಲ್ಲೂ ಕಾಣುವ ಶೀರ್ಷಿಕೆಗಳನ್ನು ಯೋಸ್ಟ್ ಪ್ಲಗಿನ್ ನೋಡಿಕೊಳ್ಳುತ್ತದೆ. ಅಂಗಡಿಯ ನಿಜವಾದ ಹೆಸರು ಇಲ್ಲಿ ಬೇಡ, ಕಖಗ ಟ್ರೇಡರ್ಸ್ ಎಂದಿಟ್ಟುಕೊಳ್ಳೋಣ.

ಸಾಹುಕಾರರ ದೂರು ಸರಳವಾಗಿತ್ತು. "ತಮ್ಮಾ, ಮೊಬೈಲಿನಲ್ಲಿ ಹುಡುಕಿದರೆ ನಮ್ಮ ಎಲ್ಲ ಸಾಮಾನುಗಳೂ ಒಂದೇ ಸಾಮಾನಿನ ಹಾಗೆ ಕಾಣುತ್ತವೆ. ಗಿರಣಿಯವರು ಬೆಲ್ಟ್ ಇದೆಯೇ ಎಂದು ಫೋನ್ ಮಾಡಿ ಕೇಳುತ್ತಾರೆ, ಬೆಲ್ಟಿನ ಪುಟ ಅವರ ಕಣ್ಣೆದುರಿಗೇ ಇರುತ್ತದೆ." ಬಿ-68 ಬೆಲ್ಟಿನ ಪುಟ ತೆರೆದು ಶೀರ್ಷಿಕೆ ನೋಡಿದರೆ ಹೀಗಿತ್ತು:

```
ಕಖಗ ಟ್ರೇಡರ್ಸ್ – ಅಕ್ಕಿ ಗಿರಣಿ ಬಿಡಿಭಾಗಗಳು, ಗಂಗಾವತಿ - ಬಿ-68 ವಿ-ಬೆಲ್ಟ್ - ಕಖಗ ಟ್ರೇಡರ್ಸ್ - ಅಕ್ಕಿ ಗಿರಣಿ ಬಿಡಿಭಾಗಗಳು, ಗಂಗಾವತಿ
```

ಹೆಸರು ಮುಂದೆ ಒಮ್ಮೆ, ಹಿಂದೆ ಒಮ್ಮೆ. ಗಿರಾಕಿಗೆ ಬೇಕಾದ ಎರಡು ಪದ ನಡುವೆ ಸಿಕ್ಕಿಬಿದ್ದಿವೆ. ಮೊಬೈಲ್ ಪರದೆ ತೋರಿಸುವ ಮೊದಲ ತುಂಡಿನಲ್ಲಿ ಅಂಗಡಿಯ ಹೆಸರು, ಘೋಷವಾಕ್ಯ ಮತ್ತು ಊರು ಮಾತ್ರ ಉಳಿಯುತ್ತವೆ. ಅರವತ್ತೆರಡು ಉತ್ಪನ್ನ ಪುಟಗಳದ್ದೂ ಇದೇ ಕಥೆ.

ಗೂಗಲ್ ನೋಡಿ ತೀರ್ಮಾನಿಸಬೇಡಿ

ಸಾಹುಕಾರರ ಅಳಿಯ ಜಾಲತಾಣ ನೋಡಿಕೊಳ್ಳುವ ಹುಡುಗ. ಅವನು ಗೂಗಲ್ ಫಲಿತಾಂಶಗಳನ್ನು ನೋಡಿ ಈ ಮೊದಲೇ ಒಂದು ಸುತ್ತು ತಿದ್ದಿದ್ದ. ಕೆಲವು ಪುಟಗಳು ಅಲ್ಲಿ ಚೆನ್ನಾಗಿ ಕಾಣುತ್ತಿದ್ದವು, ಕೆಲವು ಕೆಟ್ಟದಾಗಿ ಕಾಣುತ್ತಿದ್ದವು. ಚೆನ್ನಾಗಿರುವ ಪುಟಗಳಲ್ಲಿ ತಾನೇನು ಮಾಡಿದ್ದೆ ಎಂದು ಹುಡುಕುತ್ತಾ ಎರಡು ದಿನ ಕಳೆದಿದ್ದ. ಅವನೇನೂ ಮಾಡಿರಲಿಲ್ಲ. ಆ ಪುಟಗಳಲ್ಲಿ ಗೂಗಲ್ ನಮ್ಮ ಶೀರ್ಷಿಕೆಯನ್ನು ಬದಿಗಿಟ್ಟು ಪುಟದ ದೊಡ್ಡ ತಲೆಬರಹವನ್ನೇ ಎತ್ತಿಕೊಂಡಿತ್ತು. 2021ರ ಆಗಸ್ಟ್‌ನಲ್ಲಿ ಗೂಗಲ್ ಶೀರ್ಷಿಕೆ ಆಯುವ ಕ್ರಮವನ್ನು ಬದಲಿಸಿತು. ಆಗಿನಿಂದ ತಲೆಬರಹದಂಥ, ಪುಟದಲ್ಲಿ ಕಣ್ಣಿಗೆ ಬೀಳುವ ಪಠ್ಯಕ್ಕೆ ಹೆಚ್ಚು ಮಹತ್ವ ಸಿಗುತ್ತಿದೆ. ಒಂದೇ ಮಾತು ಎಲ್ಲ ಪುಟಗಳಲ್ಲೂ ಮರುಕಳಿಸುವ ಶೀರ್ಷಿಕೆ ಇಂಥ ತಿದ್ದುಪಡಿಗೆ ಸುಲಭವಾಗಿ ಗುರಿಯಾಗುತ್ತದೆ. ಆದ್ದರಿಂದ ಫಲಿತಾಂಶದಲ್ಲಿ ಸರಿಯಾಗಿ ಕಂಡ ಪುಟದಲ್ಲೂ ದೋಷ ಇರಬಹುದು.

ನೋಡಬೇಕಾದದ್ದು ಸರ್ವರ್ ಕಳಿಸುವ ಮೂಲ ಪುಟವನ್ನು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಪುಟ ತೆರೆದು Ctrl+U ಒತ್ತಿ, `<title` ಎಂದು ಹುಡುಕಿ. ಖಾಸಗಿ ಕಿಟಕಿಯೇ ಏಕೆಂದರೆ, ನೀವು ಲಾಗಿನ್ ಆಗಿದ್ದಾಗ ಸಾಮಾನ್ಯವಾಗಿ ಹೊಸದಾಗಿ ಕಟ್ಟಿದ ಪುಟ ಬರುತ್ತದೆ, ಹೊರಗಿನವರಿಗೆ ಕ್ಯಾಶ್‌ನಲ್ಲಿರುವ ಹಳೆಯ ಪುಟ ಹೋಗುತ್ತದೆ. ಕಮಾಂಡ್ ಬಳಸುವವರಿಗೆ ಇದು ಸಾಕು:

```
curl -s https://example.com/b-68/ | grep -o '<title[^>]*>[^<]*</title>'
```

ಇದರಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಒಂದು ಪುಟಕ್ಕೆ ಏಳು ಸಾಲುಗಳ ಉತ್ತರ ಬಂತು. ಏಳು ಶೀರ್ಷಿಕೆಗಳಿವೆ ಎಂದು ಗಾಬರಿಯಾಗಿ ಥೀಮ್ ಕೆದಕಲು ಕುಳಿತೆ. ಆರು ಸಾಲುಗಳು ಫೋನ್, ಬುಟ್ಟಿ, ಹುಡುಕುವ ಗಾಜು ಮುಂತಾದ ಚಿತ್ರಸಂಕೇತಗಳವು. ಎಸ್‌ವಿಜಿ ಚಿತ್ರಗಳ ಒಳಗೂ ಅದೇ ಹೆಸರಿನ ಟ್ಯಾಗ್ ಇರುತ್ತದೆ, ಅದು ದೋಷವಲ್ಲ. ಪುಟದ ತಲೆಭಾಗದಲ್ಲಿರುವುದನ್ನು ಮಾತ್ರ ಎಣಿಸಬೇಕು. ಬ್ರೌಸರಿನ ಕನ್ಸೋಲ್‌ನಲ್ಲಿ ಹೀಗೆ ಕೇಳಿದರೆ ಸರಿಯಾದ ಲೆಕ್ಕ ಸಿಗುತ್ತದೆ:

```
document.querySelectorAll('head title').length
```

ಉತ್ತರ 2 ಬಂದರೆ ಥೀಮ್ ಒಂದನ್ನು, ಪ್ಲಗಿನ್ ಇನ್ನೊಂದನ್ನು ಮುದ್ರಿಸುತ್ತಿವೆ ಎಂದರ್ಥ. 0 ಬಂದರೆ ಯಾರೂ ಮುದ್ರಿಸುತ್ತಿಲ್ಲ, ಟ್ಯಾಬಿನಲ್ಲಿ ಬರೀ ವಿಳಾಸ ಕಾಣುತ್ತದೆ. ನಮ್ಮ ಅಂಗಡಿಯಲ್ಲಿ ಉತ್ತರ 1 ಬಂತು. ಟ್ಯಾಗ್ ಒಂದೇ, ಅದರೊಳಗೆ ಹೆಸರು ಎರಡು. ಹಾಗಾದರೆ ಇಬ್ಬರು ಸೇರಿ ಒಂದೇ ಸಾಲನ್ನು ಬರೆಯುತ್ತಿರಬೇಕು.

ಗುರುತಿನ ಗೆರೆ ಹಾಕಿ ನೋಡುವುದು

ಮೇಲಿನ ಶೀರ್ಷಿಕೆಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಉತ್ಪನ್ನದ ಹೆಸರಿನೊಳಗಿನ ಗೆರೆಗಳನ್ನು ಬಿಟ್ಟರೆ ನಾಲ್ಕು ಅಡ್ಡಗೆರೆಗಳಿವೆ. ಮೊದಲನೆಯದು ಮಾತ್ರ ತುಸು ಉದ್ದವಾಗಿದೆ. ಟೈಪ್ ಮಾಡಿದವರು ಎಲ್ಲ ಕಡೆ ಒಂದೇ ಕೀಲಿ ಒತ್ತಿದ್ದರೂ ಗೆರೆಗಳ ಉದ್ದ ಬೇರೆಯಾದರೆ, ಅವು ಬೇರೆ ಬೇರೆ ದಾರಿಯಿಂದ ಬಂದಿವೆ ಎಂಬುದಕ್ಕೆ ಅದೇ ಸುಳಿವು. ವರ್ಡ್‌ಪ್ರೆಸ್ ತಾನು ತೋರಿಸುವ ಪಠ್ಯದಲ್ಲಿ ಎರಡೂ ಬದಿ ಖಾಲಿ ಜಾಗವಿರುವ ಚಿಕ್ಕ ಗೆರೆಯನ್ನು ಅಚ್ಚಿನ ಉದ್ದ ಗೆರೆಯಾಗಿ ಮಾರ್ಪಡಿಸುತ್ತದೆ. ಮೂಲ ಪುಟದಲ್ಲಿ ಅದು `&#8211;` ಎಂದು ಕಾಣುತ್ತದೆ. ಥೀಮ್ ಕಡತದಲ್ಲಿ ನೇರವಾಗಿ ಬರೆದ ಗೆರೆಯನ್ನು ಅದು ಮುಟ್ಟುವುದಿಲ್ಲ.

ಕಣ್ಣಳತೆಗೆ ನಂಬಿಕೆ ಸಾಲದಿದ್ದರೆ ಪರೀಕ್ಷೆ ಮಾಡಬಹುದು. ಪ್ಲಗಿನ್‌ನ ಸೆಟ್ಟಿಂಗ್‌ಗಳಲ್ಲಿ ವಿಭಜಕ ಚಿಹ್ನೆ ಆರಿಸುವ ಜಾಗವಿದೆ. ಅಲ್ಲಿ ನಿಮ್ಮ ತಾಣದಲ್ಲಿ ಎಲ್ಲೂ ಬಳಸದ ಚಿಹ್ನೆಯನ್ನು, ಉದಾಹರಣೆಗೆ `~`, ಆರಿಸಿ ಉಳಿಸಿ. ಕ್ಯಾಶ್ ಖಾಲಿ ಮಾಡಿ. ಮತ್ತೆ ಮೂಲ ಪುಟ ನೋಡಿ. ಕಾಲುವೆಯ ನೀರಿಗೆ ಬಣ್ಣ ಬೆರೆಸಿ ಎಲ್ಲಿ ಸೋರುತ್ತಿದೆ ಎಂದು ನೋಡಿದ ಹಾಗೆ, ಪ್ಲಗಿನ್ ಹಾಕಿದ ಗೆರೆ ಮಾತ್ರ ಬಣ್ಣ ಬದಲಿಸುತ್ತದೆ. ನಮಗೆ ಸಿಕ್ಕಿದ್ದು ಇದು:

```
ಕಖಗ ಟ್ರೇಡರ್ಸ್ – ಅಕ್ಕಿ ಗಿರಣಿ ಬಿಡಿಭಾಗಗಳು, ಗಂಗಾವತಿ - ಬಿ-68 ವಿ-ಬೆಲ್ಟ್ ~ ಕಖಗ ಟ್ರೇಡರ್ಸ್ - ಅಕ್ಕಿ ಗಿರಣಿ ಬಿಡಿಭಾಗಗಳು, ಗಂಗಾವತಿ
```

ಒಂದೇ ಒಂದು ಗೆರೆ ಬದಲಾಯಿತು. ಬೆಲ್ಟಿನ ನಂತರದ ಭಾಗವನ್ನು ಜೋಡಿಸುತ್ತಿರುವುದು ಪ್ಲಗಿನ್. ಬೆಲ್ಟಿಗಿಂತ ಮುಂಚಿನ ಗೆರೆ ಪ್ಲಗಿನ್‌ನದಲ್ಲ, ಅದು ಥೀಮ್‌ನದು. ಹೆಸರು ಮತ್ತು ಘೋಷವಾಕ್ಯದ ನಡುವಿನ ಗೆರೆ ಎರಡು ಕಡೆ ಇದೆ, ಎರಡೂ ಕಡೆ ಬದಲಾಗಿಲ್ಲ. ಅದನ್ನು ಶೀರ್ಷಿಕೆ ಜೋಡಿಸುವ ಯಾವ ಮಾದರಿಯೂ ಹಾಕುತ್ತಿಲ್ಲ, ತಾಣದ ಹೆಸರು ಬರೆಯುವ ಖಾನೆಯಲ್ಲೇ ಯಾರೋ ಟೈಪ್ ಮಾಡಿದ್ದಾರೆ. ಹೀಗೆ ಮೂರು ಬಗೆಯ ಗೆರೆಗೆ ಮೂರು ತವರು ಸಿಕ್ಕವು. ಪರೀಕ್ಷೆ ಮುಗಿದ ಕೂಡಲೇ ಚಿಹ್ನೆಯನ್ನು ಹಿಂದಿನಂತೆ ಮಾಡಿಡಿ. ಹತ್ತು ನಿಮಿಷದ ಕೆಲಸ, ರಾತ್ರಿ ಮಾಡಿದರೆ ಒಳ್ಳೆಯದು.

ಥೀಮ್‌ನಲ್ಲಿದ್ದ ಸಾಲು

ಥೀಮ್‌ನ `header.php` ಕಡತದಲ್ಲಿ ಹೀಗೆ ಬರೆದಿತ್ತು:

```php
<title><?php bloginfo( 'name' ); ?> - <?php wp_title( '' ); ?></title>
```

ಇದು ಹಳೆಯ ಪದ್ಧತಿ. 2014ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 4.1ಕ್ಕಿಂತ ಮೊದಲು ಥೀಮ್‌ಗಳೇ ಶೀರ್ಷಿಕೆ ಬರೆಯಬೇಕಿತ್ತು. ಆಗ ಇಂಥ ಸಾಲಿನಲ್ಲಿ ತಪ್ಪಿರಲಿಲ್ಲ, ಏಕೆಂದರೆ `wp_title` ಬರೀ ಪುಟದ ಹೆಸರನ್ನು ಕೊಡುತ್ತಿತ್ತು. ಪ್ಲಗಿನ್ ಬಂದ ಮೇಲೆ ಅದೇ `wp_title` ಪೂರ್ತಿ ಮುಗಿದ ಶೀರ್ಷಿಕೆಯನ್ನು, ಅಂಗಡಿಯ ಹೆಸರಿನ ಸಮೇತ, ಕೊಡುತ್ತದೆ. ಥೀಮ್‌ಗೆ ಅದು ಗೊತ್ತಿಲ್ಲ. ಅದು ತನ್ನ ಪಾಲಿನ ಹೆಸರನ್ನು ಮುಂದೆ ಅಂಟಿಸುತ್ತದೆ.

ತಿದ್ದುವಾಗ ಎರಡು ಕೆಲಸಗಳನ್ನು ಒಟ್ಟಿಗೇ ಮಾಡಬೇಕು. ಚೈಲ್ಡ್ ಥೀಮ್‌ಗೆ `header.php` ನಕಲು ಮಾಡಿಕೊಂಡು ಆ ಒಂದು ಸಾಲನ್ನು ಪೂರ್ತಿ ತೆಗೆಯಿರಿ, `wp_head()` ಸಾಲನ್ನು ಮಾತ್ರ ಮುಟ್ಟಬೇಡಿ. ಆಮೇಲೆ ಚೈಲ್ಡ್ ಥೀಮ್‌ನ `functions.php`ಯಲ್ಲಿ ಇದನ್ನು ಸೇರಿಸಿ:

```php
add_action( 'after_setup_theme', function () {
    add_theme_support( 'title-tag' );
} );
```

ಸಾಲನ್ನು ತೆಗೆದು ಇದನ್ನು ಸೇರಿಸದಿದ್ದರೆ ಶೀರ್ಷಿಕೆಯೇ ಇಲ್ಲದ ಪುಟ ಬರುತ್ತದೆ. ಇದನ್ನು ಸೇರಿಸಿ ಸಾಲನ್ನು ತೆಗೆಯದಿದ್ದರೆ ಎರಡು ಟ್ಯಾಗ್‌ಗಳು ಬರುತ್ತವೆ, ಬ್ರೌಸರ್ ಮೊದಲನೆಯದನ್ನು ಹಿಡಿದುಕೊಳ್ಳುತ್ತದೆ. ಅಳಿಯ ಮೊದಲ ಸುತ್ತಿನಲ್ಲಿ ಮೂಲ ಥೀಮ್‌ನ ಕಡತವನ್ನೇ ತಿದ್ದಿದ್ದನಂತೆ. ಮುಂದಿನ ಥೀಮ್ ಅಪ್‌ಡೇಟ್ ಅದನ್ನು ಅಳಿಸಿಹಾಕಿತು. "ನಾನು ಸರಿ ಮಾಡಿದ್ದೆ ಸರ್, ಅದೇ ಹಾಳಾಯಿತು" ಎಂದು ಅವನು ಹೇಳಿದಾಗ ನಾನು ನಂಬಿರಲಿಲ್ಲ. ಅವನು ಹೇಳಿದ್ದು ನಿಜ.

ಹೆಸರಿನ ಖಾನೆಯಲ್ಲಿ ಬೋರ್ಡಿನ ಬರಹ

ಎರಡನೆಯ ತವರು ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿರುವ ಸೈಟ್ ಟೈಟಲ್ ಖಾನೆ. ಜಾಲತಾಣ ಕಟ್ಟಿಕೊಟ್ಟವರು ಅಂಗಡಿಯ ಬೋರ್ಡಿನಲ್ಲಿದ್ದುದನ್ನೆಲ್ಲ ಅಲ್ಲಿ ತುಂಬಿದ್ದರು. ಬೋರ್ಡು ಊರಿಗೆ ಒಂದೇ ಇರುತ್ತದೆ, ಆದರೆ ಈ ಖಾನೆಯಲ್ಲಿ ಬರೆದದ್ದು ಎಲ್ಲ ಪುಟಗಳ ಬಾಲವಾಗುತ್ತದೆ. ಅಲ್ಲಿ ಹೆಸರು ಮಾತ್ರ ಇರಲಿ. ಘೋಷವಾಕ್ಯ ಅದರ ಕೆಳಗಿನ ಟ್ಯಾಗ್‌ಲೈನ್ ಖಾನೆಗೆ ಹೋಗಲಿ.

ಬದಲಿಸುವ ಮೊದಲು ಒಂದು ಎಚ್ಚರಿಕೆ. ಇದೇ ಹೆಸರನ್ನು ಆರ್ಡರ್ ಇಮೇಲ್‌ಗಳೂ ಬಳಸಬಹುದು, ಲೋಗೊ ಇಲ್ಲದ ಥೀಮ್‌ನಲ್ಲಿ ಪುಟದ ಮೇಲ್ಭಾಗವೂ ಬಳಸುತ್ತದೆ. ಬದಲಿಸಿದ ನಂತರ ಒಂದು ಪರೀಕ್ಷಾ ಆರ್ಡರ್ ಹಾಕಿ ನೋಡಿ.

ಸಾಹುಕಾರರು ಇಲ್ಲಿ ತಕರಾರು ತೆಗೆದರು. "ಊರ ಹೆಸರು ಎಲ್ಲ ಕಡೆ ಇರಬೇಕಲ್ಲವೇ? ಕಾರಟಗಿಯವರು, ಸಿಂಧನೂರಿನವರು ಗಂಗಾವತಿ ಎಂದು ನೋಡಿಯೇ ಬರುತ್ತಾರೆ." ಮಾತಿನಲ್ಲಿ ಹುರುಳಿದೆ. ಆದರೆ ಆ ಗಿರಾಕಿ ಅಂಗಡಿ ಹುಡುಕುವಾಗ ಊರನ್ನು ನೋಡುತ್ತಾನೆ, ಬೆಲ್ಟ್ ಹುಡುಕುವಾಗ ಬೆಲ್ಟಿನ ಸಂಖ್ಯೆಯನ್ನು ನೋಡುತ್ತಾನೆ. ಊರ ಹೆಸರನ್ನು ಮುಖಪುಟದಲ್ಲೂ ಸಂಪರ್ಕ ಪುಟದಲ್ಲೂ ಉಳಿಸಿಕೊಂಡು, ಉತ್ಪನ್ನಗಳ ಬಾಲದಿಂದ ತೆಗೆದೆವು. ಪುಟದೊಳಗೆ ವಿಳಾಸ ಹೇಗೂ ಇದೆ.

ಹೆಸರು ಮುಂದೆಯೋ ಹಿಂದೆಯೋ

ಸುಗ್ಗಿಯ ನಡುವೆ ಬೆಲ್ಟ್ ಹರಿದು ಗಿರಣಿ ನಿಂತಿದೆ ಎಂದುಕೊಳ್ಳಿ. ಹಳೆಯ ಬೆಲ್ಟಿನ ಮೇಲೆ ಬಿ-68 ಎಂದಿದೆ. ಬಿ ಎಂಬುದು ಬೆಲ್ಟಿನ ಅಡ್ಡಕೊಯ್ತದ ವರ್ಗ, 68 ಎಂಬುದು ಇಂಚುಗಳಲ್ಲಿ ಅದರ ಉದ್ದ. ಗಿರಣಿಯವನು ಆ ಸಂಖ್ಯೆಯನ್ನು ಹುಡುಕುತ್ತಾನೆ, ಫಲಿತಾಂಶಗಳ ಮೊದಲ ಪದಗಳ ಮೇಲೆ ಕಣ್ಣಾಡಿಸುತ್ತಾನೆ. ಅಲ್ಲಿ ಸಂಖ್ಯೆ ಕಾಣಬೇಕು. ಹೆಸರು ಹಿಂದೆ ಬರಲಿ, ಕತ್ತರಿಸಿಹೋದರೂ ನಷ್ಟವಿಲ್ಲ. 2022ರ ಅಕ್ಟೋಬರ್‌ನಿಂದ ಗೂಗಲ್ ಮೊಬೈಲ್ ಫಲಿತಾಂಶಗಳಲ್ಲಿ ತಾಣದ ಹೆಸರನ್ನು ಶೀರ್ಷಿಕೆಯ ಮೇಲೆ ಪ್ರತ್ಯೇಕವಾಗಿ ತೋರಿಸುತ್ತಿದೆ. ಹೆಸರನ್ನು ಮುಂದಿಟ್ಟರೆ ಒಂದರ ಕೆಳಗೊಂದು ಎರಡು ಸಲ ಓದಿದ ಹಾಗಾಗುತ್ತದೆ. ಮುಖಪುಟದಲ್ಲಿ ಮಾತ್ರ ಹೆಸರು ಮೊದಲು, ಏಕೆಂದರೆ ಅಂಗಡಿಯ ಹೆಸರು ಗೊತ್ತಿದ್ದು ಹುಡುಕುವವರು ಬಂದು ಸೇರುವುದು ಅಲ್ಲಿಗೇ.

ಯೋಸ್ಟ್‌ನಲ್ಲಿ ಉತ್ಪನ್ನ ಪುಟ, ಮುಖಪುಟ, ವರ್ಗದ ಪುಟಗಳಿಗೆ ಕ್ರಮವಾಗಿ ಈ ಮಾದರಿಗಳನ್ನು ಇಟ್ಟೆವು:

```
%%title%% %%sep%% %%sitename%%
%%sitename%% %%sep%% %%sitedesc%%
%%term_title%% %%page%% %%sep%% %%sitename%%
```

ವರ್ಗದ ಮಾದರಿಯಲ್ಲಿ ಮೊದಲು Archives ಎಂಬ ಪದವಿತ್ತು, ಅದನ್ನು ತೆಗೆದೆವು. ಗಿರಣಿಯವನಿಗೆ ಅದರಿಂದ ಏನೂ ಆಗಬೇಕಿಲ್ಲ. ಆದರೆ `%%page%%` ಇರಲೇಬೇಕು. ಅದನ್ನು ತೆಗೆದರೆ ಬೇರಿಂಗ್‌ಗಳ ಪಟ್ಟಿಯ ಎರಡನೆಯ, ಮೂರನೆಯ ಪುಟಗಳಿಗೂ ಮೊದಲ ಪುಟದ ಶೀರ್ಷಿಕೆಯೇ ಬರುತ್ತದೆ. ಇನ್ನೊಂದು ಮಾತು: ಈ ಗುರುತುಗಳು ಪ್ಲಗಿನ್‌ನಿಂದ ಪ್ಲಗಿನ್‌ಗೆ ಬೇರೆ. ಪ್ಲಗಿನ್ ಬದಲಿಸಿದ ನಂತರ ಟ್ಯಾಬಿನಲ್ಲಿ `%%sitename%%` ಎಂದು ಹಾಗೆಯೇ ಕಂಡರೆ, ಹಳೆಯ ಪ್ಲಗಿನ್‌ನ ಭಾಷೆ ಹೊಸದಕ್ಕೆ ತಿಳಿಯುತ್ತಿಲ್ಲ ಎಂದರ್ಥ.

ಯಾವ ವಿಭಜಕ

ಈ ಅಂಗಡಿಗೆ ಅಡ್ಡಗೆರೆ ಹೊಂದುವುದಿಲ್ಲ. "ಬಿ-68 ವಿ-ಬೆಲ್ಟ್ - ಕಖಗ" ಎಂದರೆ ಯಾವ ಗೆರೆ ಹೆಸರಿನ ಭಾಗ, ಯಾವುದು ವಿಭಜಕ ಎಂದು ಓದುಗ ಅರೆಕ್ಷಣ ತಡವರಿಸುತ್ತಾನೆ. ಭಾಗಗಳ ಸಂಖ್ಯೆಯಲ್ಲೇ ಗೆರೆ ಇರುವ ವ್ಯಾಪಾರಕ್ಕೆ ಲಂಬಗೆರೆ `|` ಲೇಸು. ಸೀರೆ ಅಂಗಡಿಯಾಗಿದ್ದರೆ ಅಡ್ಡಗೆರೆಯನ್ನೇ ಉಳಿಸುತ್ತಿದ್ದೆ. ಗೂಗಲ್‌ನ ಮಾರ್ಗದರ್ಶಿಯೂ ಅಡ್ಡಗೆರೆ, ವಿವರಣ ಚಿಹ್ನೆ, ಲಂಬಗೆರೆ ಮೂರನ್ನೂ ಸಮಾನವಾಗಿಯೇ ಹೇಳುತ್ತದೆ. ಫಲಿತಾಂಶದಲ್ಲಿ ನಿಮ್ಮ ಲಂಬಗೆರೆಯ ಜಾಗದಲ್ಲಿ ಅಡ್ಡಗೆರೆ ಕಂಡರೆ ಅದು ಗೂಗಲ್ ಜೋಡಿಸಿದ್ದು, ಅದಕ್ಕಾಗಿ ಮತ್ತೆ ಸೆಟ್ಟಿಂಗ್ ಕೆದಕಬೇಡಿ.

ಕನ್ನಡದಲ್ಲಿ ಟೈಪ್ ಮಾಡುವವರು ಒಂದು ಕಡೆ ಎಡವುತ್ತಾರೆ. ಕೈಯಿಂದ ಬರೆದ ಒಂದೆರಡು ಶೀರ್ಷಿಕೆಗಳಲ್ಲಿ ಲಂಬಗೆರೆಯ ಬದಲು ಪದ್ಯದ ಸಾಲು ಮುಗಿಸುವ ದಂಡ `।` ಬಂದಿತ್ತು. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಹುಡುಕಿ ಬದಲಿಸಲು ಹೋದಾಗ ಮಾತ್ರ ಸಿಗುವುದಿಲ್ಲ.

ಉದ್ದದ ಲೆಕ್ಕದಲ್ಲೂ ಕನ್ನಡಕ್ಕೆ ಬೇರೆ ಅಳತೆ ಬೇಕು. "ಟ್ರೇಡರ್ಸ್" ಎಂಬುದನ್ನು ನಾವು ಮೂರು ಅಕ್ಷರವೆಂದು ಓದುತ್ತೇವೆ, ಕಂಪ್ಯೂಟರ್ ಒತ್ತು, ಸ್ವರಚಿಹ್ನೆಗಳನ್ನೂ ಸೇರಿಸಿ ಒಂಬತ್ತು ಎಂದು ಎಣಿಸುತ್ತದೆ. ಇಂಗ್ಲಿಷಿಗೆಂದು ಹೇಳುವ ಅರವತ್ತು ಅಕ್ಷರಗಳ ಮಿತಿ ಇಲ್ಲಿ ಉಪಯೋಗಕ್ಕೆ ಬಾರದು. ಗೂಗಲ್ ಶೀರ್ಷಿಕೆಗೆ ಅಕ್ಷರಗಳ ಮಿತಿ ಹಾಕಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಆದ್ದರಿಂದ ಪ್ಲಗಿನ್‌ನ ಮುನ್ನೋಟದಲ್ಲಿ ಮೊಬೈಲ್ ಆಯ್ಕೆ ಒತ್ತಿ ಅಗಲವನ್ನೇ ನೋಡಿ.

ಮಾದರಿ ಬದಲಿಸಿದರೂ ಬದಲಾಗದ ಪುಟಗಳು

ಇಷ್ಟಾದ ಮೇಲೆ ಅರವತ್ತೆರಡರಲ್ಲಿ ನಲವತ್ತೈದು ಪುಟಗಳು ಸರಿಯಾದವು. ಉಳಿದ ಹದಿನೇಳು ಜಗ್ಗಲಿಲ್ಲ. ಇಲ್ಲಿ ಎರಡು ಬೇರೆ ದೋಷಗಳು ಒಂದೇ ಮುಖ ಹೊತ್ತಿದ್ದವು.

ಹದಿಮೂರು ಪುಟಗಳಲ್ಲಿ ಅಳಿಯ ಪ್ಲಗಿನ್‌ನ ಎಸ್‌ಇಒ ಶೀರ್ಷಿಕೆ ಖಾನೆಯಲ್ಲಿ ಕೈಯಿಂದ ಬರೆದಿದ್ದ. ಆ ಖಾನೆ ತುಂಬಿದ್ದರೆ ಮಾದರಿ ಆ ಪುಟಕ್ಕೆ ಅನ್ವಯಿಸುವುದೇ ಇಲ್ಲ. ಅಂಥ ಪುಟಗಳನ್ನು ಒಂದೊಂದಾಗಿ ತೆರೆದು ಹುಡುಕುವ ಬದಲು ಡೇಟಾಬೇಸ್‌ಗೆ ಕೇಳಬಹುದು:

```sql
SELECT post_id, meta_value FROM wp_postmeta
WHERE meta_key = '_yoast_wpseo_title';
```

`wp_` ಎಂಬ ಪೂರ್ವಪದ ನಿಮ್ಮಲ್ಲಿ ಬೇರೆ ಇರಬಹುದು. ಇದನ್ನು ನೋಡಲು ಮಾತ್ರ ಬಳಸಿ. ಅಳಿಸುವುದನ್ನೂ ಇಲ್ಲೇ ಮಾಡಿದರೆ ಪ್ಲಗಿನ್ ತನ್ನ ಬೇರೆ ಕೋಷ್ಟಕದಲ್ಲಿ ಇಟ್ಟುಕೊಂಡಿರುವ ಪ್ರತಿ ಹಾಗೆಯೇ ಉಳಿದು, ಹಳೆಯ ಶೀರ್ಷಿಕೆ ಬರುತ್ತಲೇ ಇರುತ್ತದೆ. ಪ್ಲಗಿನ್‌ನ ಪರದೆಯಿಂದಲೇ ಖಾನೆ ಖಾಲಿ ಮಾಡಿ ಉಳಿಸಿದರೆ ಎರಡೂ ಕಡೆ ಬದಲಾಗುತ್ತದೆ. ಹದಿಮೂರರಲ್ಲಿ ಎರಡನ್ನು ಹಾಗೆಯೇ ಬಿಟ್ಟೆ, ಅವನು ಅವನ್ನು ಮಾದರಿಗಿಂತ ಚೆನ್ನಾಗಿ ಬರೆದಿದ್ದ.

ಉಳಿದ ನಾಲ್ಕರಲ್ಲಿ ಆ ಖಾನೆ ಖಾಲಿಯೇ ಇತ್ತು. ಉತ್ಪನ್ನದ ಹೆಸರಿನಲ್ಲೇ "ಕಖಗ ಟ್ರೇಡರ್ಸ್ 10 ಇಂಚಿನ ರಬ್ಬರ್ ರೋಲ್" ಎಂದು ಬರೆದಿದ್ದರು. ಮಾದರಿ ಸರಿಯಾಗಿಯೇ ಕೆಲಸ ಮಾಡಿ ಹಿಂದೆ ಇನ್ನೊಂದು ಹೆಸರು ಹಾಕುತ್ತಿತ್ತು. ಎರಡನ್ನೂ ಬೇರ್ಪಡಿಸುವ ಗುರುತು ಸುಲಭ: ಪುಟದ ದೊಡ್ಡ ತಲೆಬರಹದಲ್ಲೂ ಅಂಗಡಿಯ ಹೆಸರು ಕಂಡರೆ ದೋಷ ಉತ್ಪನ್ನದ ಹೆಸರಿನಲ್ಲಿದೆ, ಟ್ಯಾಬಿನಲ್ಲಿ ಮಾತ್ರ ಕಂಡರೆ ಎಸ್‌ಇಒ ಖಾನೆಯಲ್ಲಿದೆ.

ತಿದ್ದಿದ ಮೇಲೆ

ಮೂಲ ಪುಟದಲ್ಲಿ ಈಗ ಹೀಗೆ ಬರುತ್ತಿದೆ:

```
<title>ಬಿ-68 ವಿ-ಬೆಲ್ಟ್ | ಕಖಗ ಟ್ರೇಡರ್ಸ್</title>
```

ವಾಟ್ಸ್ಆ್ಯಪ್‌ನಲ್ಲಿ ಕೊಂಡಿ ಕಳಿಸಿದಾಗ ಕಾಣುವುದು `og:title`, ಅದನ್ನು ಬೇರೆಯಾಗಿಯೇ ನೋಡಿ. ಹಳೆಯ ಮುನ್ನೋಟ ಅಲ್ಲಿ ಕೆಲವು ದಿನ ಉಳಿಯಬಹುದು.

ಗೂಗಲ್ ಪ್ರತಿ ಪುಟವನ್ನು ಮತ್ತೆ ಓದಿದ ಮೇಲಷ್ಟೇ ಹೊಸದನ್ನು ತೋರಿಸುತ್ತದೆ, ಅದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುತ್ತದೆ. ಹೆಚ್ಚು ಮಾರಾಟವಾಗುವ ನಾಲ್ಕೈದು ಪುಟಗಳಿಗೆ ಸರ್ಚ್ ಕನ್ಸೋಲ್‌ನಲ್ಲಿ ಯುಆರ್‌ಎಲ್ ತಪಾಸಣೆ ಮಾಡಿ ಮರುಓದಿಗೆ ಕೋರಬಹುದು. ಗೂಗಲ್ ಕೊನೆಯ ಬಾರಿ ಯಾವ ದಿನ ಬಂದಿತ್ತು, ಆಗ ಯಾವ ಶೀರ್ಷಿಕೆ ಓದಿತ್ತು ಎಂಬುದೂ ಅಲ್ಲೇ ಸಿಗುತ್ತದೆ. ಹೊಸ ಶೀರ್ಷಿಕೆ ಓದಿದ ಮೇಲೂ ಬೇರೆಯದನ್ನೇ ತೋರಿಸುತ್ತಿದ್ದರೆ, ಪುಟದ ತಲೆಬರಹ ಮತ್ತು ಶೀರ್ಷಿಕೆ ಒಂದಕ್ಕೊಂದು ಹೊಂದುತ್ತಿವೆಯೇ ನೋಡಿ.

ನಮ್ಮಲ್ಲಿ ಮೂರು ವಾರದ ನಂತರವೂ ಒಂದು ಪುಟ ಹಟ ಹಿಡಿದಿತ್ತು. ಬಕೆಟ್‌ಗಳ ಪುಟದಲ್ಲಿ "ನಮ್ಮಲ್ಲಿ ದೊರೆಯುವ ಉತ್ಪನ್ನಗಳು" ಎಂಬ ಸಾಲು ಮೊದಲ ಹಂತದ ತಲೆಬರಹವಾಗಿತ್ತು, ಬಕೆಟ್‌ನ ಹೆಸರು ಎರಡನೆಯ ಹಂತದಲ್ಲಿತ್ತು. ಗೂಗಲ್ ಮೊದಲನೆಯದನ್ನೇ ಹಿಡಿದುಕೊಂಡಿತ್ತು. ಹಂತ ಬದಲಿಸಿ ಮತ್ತೆ ಕೋರಿದ ನಂತರ ಎಂಟನೆಯ ದಿನ ಅಳಿಯ ಪರದೆಯ ಚಿತ್ರ ಕಳಿಸಿದ. "ಎಲಿವೇಟರ್ ಬಕೆಟ್" ಎಂಬುದು ಮೊದಲಿಗೇ ಇತ್ತು, ಹೆಸರಿನ ಮುಂದಿನ ಲಂಬಗೆರೆ ಅಡ್ಡಗೆರೆಯಾಗಿತ್ತು. "ಇದನ್ನೂ ಸರಿ ಮಾಡಬೇಕೇ ಸರ್?" ಎಂದು ಕೆಳಗೆ ಬರೆದಿದ್ದ. ಬೇಡ ಎಂದೆ.